ಶೇಕಡಾ ಮೂವತ್ತೈದು

ಡಾಕ್ಟರ್ ಕುಶಾಲಪ್ಪ ಗೌಡರು ಶಹನಾಝ್ ಟೀಚರಿಗೆ ಮಾತು ಕೊಟ್ಟದ್ದು ಆತುರದಲ್ಲಿ. ಅದು ಆತುರವಾಯಿತು ಎಂದು ಗೊತ್ತಾಗಲಿಕ್ಕೆ ಅವರಿಗೆ ಐದೇ ದಿನ ಸಾಕಾಯಿತು.

ಶಹನಾಝ್ ಪಾಣೆಮಂಗಳೂರಿನ ಪ್ರಾಥಮಿಕ ಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಗಣಿತ ಕಲಿಸುತ್ತಿದ್ದವಳು. ವಯಸ್ಸು ನಲವತ್ತಮೂರು. ಗಂಡ ಅಸ್ಕರ್ ಸೌದಿಯ ದಮ್ಮಾಮಿನಲ್ಲಿದ್ದ. ಎಡ ಮೊಲೆಯಲ್ಲಿ ಗಂಟು ಕೈಗೆ ಸಿಕ್ಕಿದಾಗ ಅವಳು ಮೊದಲು ಹೇಳಿದ್ದು ಅಣ್ಣ ಅಬ್ದುಲ್ ಹಕೀಮನಿಗೆ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಹಕೀಂ ಮರುದಿನವೇ ತಂಗಿಯನ್ನು ಸೇತುವೆ ದಾಟಿಸಿ ಬಂಟ್ವಾಳದ ಗೌಡರ ನರ್ಸಿಂಗ್ ಹೋಮಿಗೆ ಕರೆತಂದ. ಅದು ಎರಡು ಸಾವಿರದ ಒಂಬತ್ತರ ನವೆಂಬರ್. ಪರೀಕ್ಷೆಗಳಾದವು, ಶಸ್ತ್ರಚಿಕಿತ್ಸೆಯೂ ಆಯಿತು. ಗಡ್ಡೆ ಎರಡು ಸೆಂಟಿಮೀಟರಿಗಿಂತ ಚೂರು ದೊಡ್ಡದಿತ್ತು. ಕಂಕುಳಿನಿಂದ ತೆಗೆದ ಹದಿನಾಲ್ಕು ಗ್ರಂಥಿಗಳಲ್ಲಿ ಒಂದರಲ್ಲೂ ರೋಗ ಇರಲಿಲ್ಲ.

ಹೊಲಿಗೆ ಬಿಚ್ಚುವ ದಿನ ಬೆಳಿಗ್ಗೆ ಮೂಡುಬಿದಿರೆಯಿಂದ ಡಾಕ್ಟರ್ ಶಶಿಪ್ರಭಾ ಫೋನ್ ಮಾಡಿದ್ದರು. ಗೌಡರು ತೆಗೆದ ಗಡ್ಡೆಗಳನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿ ರಿಪೋರ್ಟು ಬರೆಯುವವರು ಅವರೇ. ಹೆಣ್ಣಿನ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಈ ಗಡ್ಡೆಯಲ್ಲಿ ಉಂಟು ಎಂದರು. "ಉಳಿದ ಬಣ್ಣಗಳ ಪರೀಕ್ಷೆ ಇನ್ನೂ ಬರಲಿಕ್ಕುಂಟು" ಎಂದೂ ಹೇಳಿದ್ದರು. ಗೌಡರು ಮೊದಲಿನ ಮಾತನ್ನು ಕಿವಿಗೆ ಹಾಕಿಕೊಂಡರು, ಎರಡನೆಯದನ್ನು ಬಿಟ್ಟರು.

"ಗ್ರಂಥಿಗಳಿಗೆ ಹರಡಿಲ್ಲ, ಹಾರ್ಮೋನ್ ಗ್ರಾಹಕವೂ ಉಂಟು. ನಿಮಗೆ ಗುಳಿಗೆ ಸಾಕು ಟೀಚರ್" ಎಂದುಬಿಟ್ಟರು. "ಐದು ವರ್ಷ ದಿನಕ್ಕೊಂದು ತಿಂದರಾಯಿತು. ಕಿಮೋ ಇಂಜೆಕ್ಷನಿನ ಗೋಜು ಬೇಡ."

ಶಹನಾಝ್ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಹಕೀಂ ಡಾಕ್ಟರ ಎರಡೂ ಕೈ ಹಿಡಿದುಕೊಂಡ.

ಐದು ದಿನ ಕಳೆದು ಪೂರ್ತಿ ರಿಪೋರ್ಟು ಬಂತು. ಈಸ್ಟ್ರೋಜನ್ ಗ್ರಾಹಕ ಎಪ್ಪತ್ತು ಶೇಕಡಾ. ಪ್ರೊಜೆಸ್ಟರಾನ್ ಗ್ರಾಹಕ ಹತ್ತೇ ಶೇಕಡಾ. ಹರ್-ಟೂ ಎಂಬ ಮೂರನೇ ಗ್ರಾಹಕ ಇಲ್ಲ. ಕೊನೆಯ ಸಾಲು, ಕೆಐ-ಅರವತ್ತೇಳು: ಶೇಕಡಾ ಮೂವತ್ತೈದು.

ಗೌಡರು ಆ ಕೊನೆಯ ಸಾಲನ್ನು ಮೂರು ಸಲ ಓದಿದರು. ಆಮೇಲೆ ಮಧ್ಯಾಹ್ನದ ರೋಗಿಗಳನ್ನು ಬೇಗ ಮುಗಿಸಿ, ಕಾರು ಹತ್ತಿ ಮೂಡುಬಿದಿರೆಗೆ ಹೊರಟರು.

*

ಶಶಿಪ್ರಭಾ ಗೌಡರಿಗಿಂತ ನಾಲ್ಕು ವರ್ಷ ದೊಡ್ಡವರು. ಮೂಡುಬಿದಿರೆ ಪೇಟೆಯ ಹಿಂದಿನ ಓಣಿಯಲ್ಲಿ ಇಪ್ಪತ್ತು ವರ್ಷಗಳಿಂದ ಅವರ ಲ್ಯಾಬು. ಗಡ್ಡೆಯ ತುಂಡುಗಳನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ ನೋಡುವ ಕೆಲಸ. ಈ ಹೊಸ ಬಣ್ಣಗಳನ್ನು ಕಟ್ಟುವ ಸೌಕರ್ಯ ಅವರಲ್ಲಿ ಇರಲಿಲ್ಲ. ಗಾಜುಗಳು ಮಂಗಳೂರಿಗೆ ಹೋಗಿ ಬಣ್ಣ ಕಟ್ಟಿಸಿಕೊಂಡು ಬರುತ್ತಿದ್ದವು. ಎಣಿಸುವುದು ಮಾತ್ರ ಅವರೇ.

"ಈ ಮೂವತ್ತೈದು ಸರಿ ಉಂಟಾ ಶಶಿಯಕ್ಕ?" ಗೌಡರು ಕೂರುವ ಮೊದಲೇ ಕೇಳಿದರು. ಇಬ್ಬರೂ ಮಾತಾಡುವುದು ತುಳುವಿನಲ್ಲಿಯೇ.

"ಸರಿ ಇಲ್ಲದಿದ್ದರೆ ಬರೀತಿದ್ನಾ ಗೌಡ್ರೇ?"

"ಬಣ್ಣ ಹೆಚ್ಚು ಹತ್ತಿರಬಹುದು. ಅಥವಾ ನೀವು ನೋಡಿದ ಜಾಗದಲ್ಲಿ ಮಾತ್ರ ಹಾಗಿರಬಹುದು."

ಶಶಿಪ್ರಭಾ ವಾದ ಮಾಡಲಿಲ್ಲ. ಇಬ್ಬರು ಎದುರುಬದುರು ಕೂತು ನೋಡುವ ಸೂಕ್ಷ್ಮದರ್ಶಕದ ಹೊದಿಕೆ ತೆಗೆದು ಗಾಜನ್ನು ಇಟ್ಟರು. ಎರಡು ಗುಂಡಿಗಳಿದ್ದ ಒಂದು ಎಣಿಕೆಯ ಯಂತ್ರವನ್ನು ಗೌಡರ ಕೈಗೆ ಕೊಟ್ಟರು.

"ನೀವೇ ಎಣಿಸಿ. ಕಂದು ಕಂಡರೆ ಬಲದ ಗುಂಡಿ, ನೀಲಿ ಕಂಡರೆ ಎಡದ್ದು. ಗಡ್ಡೆಯ ಕೋಶ ಮಾತ್ರ, ನಡುವೆ ಇರುವ ರಕ್ತದ ಬಿಳಿಕೋಶ ಬೇಡ. ಜಾಗ ನಾನು ಬದಲಾಯಿಸ್ತಾ ಹೋಗ್ತೇನೆ."

ಗೌಡರು ಕಣ್ಣು ಇಟ್ಟರು. ನೀಲಿ ಚುಕ್ಕೆಗಳ ನಡುವೆ ಅಲ್ಲಲ್ಲಿ ಕಂದು ಚುಕ್ಕೆಗಳು. ಪ್ರತಿ ಚುಕ್ಕೆಯೂ ಒಂದು ಕೋಶದ ಬೀಜ. ಸುಮ್ಮನೆ ಕೂತ ಕೋಶದಲ್ಲಿ ಈ ಕೆಐ-ಅರವತ್ತೇಳು ಎಂಬ ಪ್ರೋಟೀನು ಇರುವುದಿಲ್ಲ. ಒಂದು ಎರಡಾಗುವ ಕೆಲಸಕ್ಕೆ ಇಳಿದ ಕೋಶದಲ್ಲಿ ಮಾತ್ರ ಅದು ಇರುತ್ತದೆ, ಅಂಥದಕ್ಕೆ ಮಾತ್ರ ಕಂದು ಹತ್ತುತ್ತದೆ. ಗೌಡರಿಗೆ ಇದೆಲ್ಲ ಗೊತ್ತಿದ್ದದ್ದೇ. ಆದರೆ ತಮ್ಮ ಬೆರಳಿನಿಂದಲೇ ಎಣಿಸಿದ್ದು ಅದೇ ಮೊದಲು. ಬಲದ ಗುಂಡಿ ಅವರು ನೆನಸಿದ್ದಕ್ಕಿಂತ ಬಹಳ ಹೆಚ್ಚು ಸಲ ಸದ್ದು ಮಾಡಿತು.

ಮುನ್ನೂರು ಕೋಶ ಆದಾಗ ನಿಲ್ಲಿಸಿದರು. ಕಂದು ನೂರಾ ಎಂಟು.

"ಮೂವತ್ತಾರು" ಎಂದರು ಶಶಿಪ್ರಭಾ. "ನಾನು ಸಾವಿರ ಎಣಿಸಿದ್ದೇನೆ, ಎರಡು ಸಲ."

"ಗಡ್ಡೆಯ ಗ್ರೇಡು ಮೂರರಲ್ಲಿ ಎರಡೇ ಅಲ್ವಾ. ಗ್ರಂಥಿ ಒಂದಕ್ಕೂ ಹತ್ತಿಲ್ಲ. ಹಾರ್ಮೋನ್ ಗ್ರಾಹಕ ಉಂಟು. ಟಮಾಕ್ಸಿಫೆನ್ ಗುಳಿಗೆ ಕೊಟ್ಟರೆ ಸಾಕಲ್ವಾ?"

"ಹಾರ್ಮೋನ್ ಗ್ರಾಹಕ ಇದ್ದ ಗಡ್ಡೆಗಳೆಲ್ಲ ಒಂದೇ ಜಾತಿ ಅಲ್ಲ ಗೌಡ್ರೇ. ಅದೂ ನಿಮಗೆ ಗೊತ್ತುಂಟು." ಅವರು ದೀಪ ಆರಿಸಿದರು. "ಎರಡು ಗ್ರಾಹಕವೂ ತುಂಬಿಕೊಂಡು, ಕಂದು ಚುಕ್ಕೆ ಅಲ್ಲೊಂದು ಇಲ್ಲೊಂದು ಇದ್ದರೆ ಅದು ಲೂಮಿನಲ್ ಎ. ಅದು ಹಾರ್ಮೋನ್ ತಿಂದು ನಿಧಾನ ಬೆಳೆಯುವಂಥದ್ದು. ಹಾರ್ಮೋನ್ ತಪ್ಪಿಸಿದರೆ ಒಣಗ್ತದೆ. ಕಿಮೋ ಹೊಡೆಯುವುದು ಒಡೆಯುತ್ತಿರುವ ಕೋಶಕ್ಕೆ. ಒಡೆಯದೇ ಕೂತದ್ದಕ್ಕೆ ಅದು ಎಷ್ಟು ತಾಗೀತು? ಹಾಗಾಗಿ ಅಂಥವರಿಗೆ ಬೇಡ ಅಂತ ನೀವು ಹೇಳುವುದು ಸರಿಯೇ. ಆದ್ರೆ ಇದು ಬಿ. ಗ್ರಾಹಕ ಉಂಟು, ಆದ್ರೆ ಹಾರ್ಮೋನಿಗೆ ಕಾಯದೇ ಓಡ್ತಾ ಉಂಟು. ಎರಡನೇ ಗ್ರಾಹಕ ಹತ್ತಕ್ಕೆ ಇಳಿದದ್ದೂ ಅದಕ್ಕೇ ಸಾಕ್ಷಿ. ಇದಕ್ಕೆ ಗುಳಿಗೆಯೂ ಬೇಕು, ಕಿಮೋ ಕೂಡ ಬೇಕು."

"ಎ, ಬಿ ನಡುವಿನ ಗೆರೆ ಎಳೆದವರು ಯಾರು?"

"ಈ ವರ್ಷವೇ ಬಂದ ಒಂದು ಅಧ್ಯಯನ ಹದಿನಾಲ್ಕು ಅಂತ ಹೇಳ್ತದೆ. ಆ ಗೆರೆ ನಾಳೆ ಆಚೆಈಚೆ ಆದೀತು. ಹದಿಮೂರು ಬಂದರೆ, ಹದಿನಾರು ಬಂದರೆ ನಾನೂ ನಿಮ್ಮೊಟ್ಟಿಗೆ ಕೂತು ತಲೆ ಕೆರೆದುಕೊಳ್ತಿದ್ದೆ. ನನ್ನ ಎಣಿಕೆ ಬೇರೆ, ಮಂಗಳೂರಿನವರ ಎಣಿಕೆ ಬೇರೆ ಬರ್ತದೆ. ಆದ್ರೆ ಇದು ಮೂವತ್ತೈದು. ಯಾವ ಗೆರೆ ಎಳೆದರೂ ಇದು ಆಚೆ ಬದಿಯಲ್ಲೇ."

ಗೌಡರು ಎಣಿಕೆಯ ಯಂತ್ರವನ್ನು ಮೇಜಿನ ಮೇಲಿಟ್ಟರು. ಶಶಿಪ್ರಭಾ ಅವರ ಮುಖವನ್ನೇ ನೋಡುತ್ತಿದ್ದರು.

"ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ಈ ಗಾಜಿನಲ್ಲಿ ನೀವು ನೋಡಿದ್ದು ಟೀಚರ ಗಡ್ಡೆಯನ್ನಾ, ವಾರಿಜಳದ್ದನ್ನಾ?"

*

ವಾರಿಜಾ ಗೌಡರ ತಂಗಿ. ಬೆಳ್ತಂಗಡಿಯ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ತೊಂಬತ್ತಾರರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ ಅವಳಿಗೆ ಇದೇ ರೋಗ ಬಂತು. ಆಗ ಊರಲ್ಲಿ ಈ ಬಣ್ಣಗಳು ಒಂದೂ ಇರಲಿಲ್ಲ. ಗಡ್ಡೆ ಎಷ್ಟು ದೊಡ್ಡದು, ಗ್ರಂಥಿಗೆ ಹತ್ತಿದೆಯೋ ಇಲ್ಲವೋ, ವಯಸ್ಸೆಷ್ಟು, ಇಷ್ಟು ನೋಡಿಯೇ ತೀರ್ಮಾನ. ಪ್ರಾಯದ ಹೆಂಗಸು, ಗಡ್ಡೆ ಮೂರು ಸೆಂಟಿಮೀಟರು. ಕಿಮೋ ಕೊಡಬೇಕು ಎಂದು ಗೌಡರಿಗೆ ಶಸ್ತ್ರಚಿಕಿತ್ಸೆ ಕಲಿಸಿದ ಮಂಗಳೂರಿನ ಗುರುಗಳು ಹೇಳಿದರು. ಕೊಟ್ಟದ್ದು ಗೌಡರೇ, ತಮ್ಮ ನರ್ಸಿಂಗ್ ಹೋಮಿನಲ್ಲೇ, ತಮ್ಮ ಕೈಯಿಂದಲೇ ನರಕ್ಕೆ ಸೂಜಿ ಚುಚ್ಚಿ.

ಎರಡನೇ ಸಲದ್ದಾಗಿ ಹನ್ನೊಂದನೇ ದಿನ ಅವಳಿಗೆ ಜ್ವರ ಬಂತು. ಅಣ್ಣನಿಗೆ ಆಪರೇಷನ್ನುಗಳು ಇರುತ್ತವೆ, ಸುಮ್ಮನೆ ಯಾಕೆ ತೊಂದರೆ ಎಂದು ಗಂಜಿ ಕುಡಿದು ಮಲಗಿದಳು. ಎರಡು ದಿನ ಹಾಗೆಯೇ ಕಳೆಯಿತು. ಮೂರನೇ ದಿನ ಕರೆತರುವಾಗ ಅವಳಿಗೆ ಅಣ್ಣನ ಗುರುತೂ ಹತ್ತಲಿಲ್ಲ. ರಕ್ತದಲ್ಲಿ ಬಿಳಿಕೋಶಗಳೇ ಉಳಿದಿರಲಿಲ್ಲ. ಮರುದಿನ ಹೋದಳು.

ಅಂದಿನಿಂದ ಗೌಡರ ಮನಸ್ಸಿನಲ್ಲಿ ಒಂದು ನಂಬಿಕೆ ಬೇರುಬಿಟ್ಟಿತು. ವಾರಿಜಳದ್ದು ನಿಧಾನ ಬೆಳೆಯುವ ಗಡ್ಡೆಯೇ ಇದ್ದಿರಬೇಕು, ಗುಳಿಗೆಯಲ್ಲೇ ಉಳಿಯುತ್ತಿದ್ದಳು, ಬೇಡದ ಮದ್ದು ಹಾಕಿ ನಾನೇ ಕಳೆದುಕೊಂಡೆ. ಅಂಥ ಗಡ್ಡೆಗಳ ಬಗ್ಗೆ ಪುಸ್ತಕಗಳಲ್ಲಿ ಓದಿದಷ್ಟೂ ಅದು ಗಟ್ಟಿಯಾಯಿತು. ಆಮೇಲಿನ ಹದಿಮೂರು ವರ್ಷಗಳಲ್ಲಿ, ಎಲ್ಲಿ ಸಣ್ಣ ಸಂದು ಸಿಕ್ಕಿತೋ ಅಲ್ಲಿ ಅವರು ಕಿಮೋ ತಪ್ಪಿಸಿದರು. ಅದರಲ್ಲಿ ಬಹಳ ಹೆಂಗಸರಿಗೆ ಒಳ್ಳೆಯದೇ ಆಗಿತ್ತು. ಎಲ್ಲರಿಗೂ ಆಗಿತ್ತೇ ಎಂಬ ಲೆಕ್ಕ ಅವರು ತೆಗೆದಿರಲಿಲ್ಲ.

"ಅವಳ ಗಡ್ಡೆಯ ಮೇಣದ ಬ್ಲಾಕ್ ಉಂಟಾ ನಿಮ್ಮಲ್ಲಿ?" ಎಂದು ಗೌಡರು ಕೇಳಿದರು.

"ನಾನು ಯಾವ ಬ್ಲಾಕನ್ನೂ ಬಿಸಾಡುವವಳಲ್ಲ. ಮೇಣದೊಳಗೆ ಇದ್ದದ್ದು ಹಾಗೇ ಇರ್ತದೆ." ಶಶಿಪ್ರಭಾ ಗೌಡರ ಕಡೆ ತಿರುಗಿದರು. "ಬಣ್ಣ ಕಟ್ಟಿಸಬೇಕಾ?"

"ಕಟ್ಟಿಸಿ."

"ಏನು ಬಂದರೂ ಕೇಳ್ಲಿಕ್ಕೆ ತಯಾರಿದ್ದೀರಾ?"

"ಅದು ಕಡಿಮೆಯೇ ಬರ್ತದೆ ಶಶಿಯಕ್ಕ. ನನಗೆ ಗೊತ್ತುಂಟು."

"ವಾರ ಬೇಕು. ಟೀಚರಿಗೆ ಅಷ್ಟು ಸಮಯ ಉಂಟು, ಅದಕ್ಕಿಂತ ಹೆಚ್ಚು ಎಳೀಬೇಡಿ."

*

ಆ ವಾರ ಹಕೀಂ ಎರಡು ಸಲ ಬಂದ. ಗುಳಿಗೆ ಯಾವಾಗಿನಿಂದ ಶುರು ಎಂದು ಕೇಳಿದ. ರಿಪೋರ್ಟು ಇನ್ನೊಮ್ಮೆ ನೋಡಲಿಕ್ಕುಂಟು ಎಂದು ಗೌಡರು ಹೇಳಿ ಕಳಿಸಿದರು. ಹಾಗೆ ಹೇಳುವಾಗ ಅವನ ಮುಖ ನೋಡಲಿಲ್ಲ.

ಎಂಟನೇ ದಿನ ಅವರು ಮತ್ತೆ ಮೂಡುಬಿದಿರೆಗೆ ಹೋದರು. ಶಶಿಪ್ರಭಾ ವಾರಿಜಳ ಗಡ್ಡೆಯ ಗಾಜುಗಳನ್ನು ಒಂದೊಂದಾಗಿ ಇಟ್ಟರು. ಮೊದಲನೆಯದು ಈಸ್ಟ್ರೋಜನ್ ಗ್ರಾಹಕದ್ದು. ಗಡ್ಡೆಯ ಕೋಶಗಳೆಲ್ಲ ಬರೀ ನೀಲಿ. ಮೂಲೆಯಲ್ಲಿ ಉಳಿದಿದ್ದ ಒಳ್ಳೆಯ ಹಾಲುನಾಳದ ಕೋಶಗಳಿಗೆ ಮಾತ್ರ ಚೆನ್ನಾಗಿ ಕಂದು ಹತ್ತಿತ್ತು. ಬಣ್ಣ ಸರಿಯಾಗಿಯೇ ಕಟ್ಟಿದೆ ಎನ್ನಲಿಕ್ಕೆ ಅದೇ ಸಾಕ್ಷಿ. ಎರಡನೆಯದು ಪ್ರೊಜೆಸ್ಟರಾನಿನದ್ದು, ಹಾಗೆಯೇ. ಹರ್-ಟೂ ಗಾಜಿನಲ್ಲೂ ಏನೂ ಇಲ್ಲ.

ನಾಲ್ಕನೇ ಗಾಜನ್ನು ಎಣಿಸಬೇಕಾಗಲಿಲ್ಲ. ಕಣ್ಣು ಇಟ್ಟ ಕ್ಷಣಕ್ಕೆ ಎಲ್ಲ ಕಡೆ ಕಂದು. ನೀಲಿಯನ್ನು ಹುಡುಕಬೇಕಾಗಿತ್ತು.

"ಎಪ್ಪತ್ತೈದು" ಎಂದರು ಶಶಿಪ್ರಭಾ ಮೆಲ್ಲಗೆ. "ಮೂರೂ ಇಲ್ಲದ ಜಾತಿ. ಟಮಾಕ್ಸಿಫೆನ್ ಹೋಗಿ ಕೂರುವ ಜಾಗವೇ ಇದರಲ್ಲಿ ಇಲ್ಲ. ನೀವು ಗುಳಿಗೆ ಕೊಟ್ಟಿದ್ದರೆ ಅವಳಿಗೆ ಅದು ನೀರು ಕುಡಿದ ಹಾಗೆ. ಇದಕ್ಕೆ ಇದ್ದದ್ದು ಒಂದೇ ಮದ್ದು ಗೌಡ್ರೇ. ನೀವು ಅದನ್ನೇ ಕೊಟ್ಟಿದ್ದೀರಿ."

ಗೌಡರು ಕಣ್ಣು ತೆಗೆಯದೆ ಬಹಳ ಹೊತ್ತು ಬಾಗಿಯೇ ಇದ್ದರು. ಹದಿಮೂರು ವರ್ಷ ಹೊತ್ತುಕೊಂಡು ಬಂದ ತಪ್ಪು ತಮ್ಮದಲ್ಲ ಎಂದು ತಿಳಿದಾಗ ಎದೆ ಹಗುರಾಗಬೇಕಿತ್ತು. ಹಾಗಾಗಲಿಲ್ಲ. ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು. ವಾಂತಿಯಾಗುತ್ತದೆ, ಕೂದಲು ಹೋಗುತ್ತದೆ, ಬಾಯಿ ಹುಣ್ಣಾಗುತ್ತದೆ ಎಂದೆಲ್ಲ ಅವಳಿಗೆ ಹೇಳಿದ್ದರು. ಜ್ವರ ಬಂದರೆ ಆ ಗಳಿಗೆಯಲ್ಲೇ ಬಾ ಎಂದು ಹೇಳಿದ್ದು ಅವರಿಗೆ ನೆನಪಾಗಲಿಲ್ಲ. ಎಷ್ಟು ನೆನಸಿಕೊಂಡರೂ ಆಗಲಿಲ್ಲ. ಡಾಕ್ಟರ ತಂಗಿ, ಅವಳಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದರು.

"ಮದ್ದು ತಪ್ಪಿದ್ದಲ್ಲ" ಎಂದರು ಕೊನೆಗೆ. "ಒಂದು ಮಾತು ತಪ್ಪಿತು."

ಶಶಿಪ್ರಭಾ ಎದ್ದು ಹೋಗಿ ಕಿಟಕಿ ತೆರೆದರು. ಸಮಾಧಾನದ ಮಾತು ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ.

*

ಮರುದಿನ ಬೆಳಿಗ್ಗೆ ಗೌಡರು ಪಾಣೆಮಂಗಳೂರಿನ ಹಕೀಮನ ಮನೆಗೆ ತಾವೇ ಹೋದರು. ಡಾಕ್ಟರು ಮನೆ ಬಾಗಿಲಿಗೆ ಬಂದದ್ದು ನೋಡಿಯೇ ಹಕೀಮನ ಮುಖ ಬಿಳಿಚಿತು. ಆಪರೇಷನ್ ಆದಂದಿನಿಂದ ಅಲ್ಲೇ ಉಳಿದಿದ್ದ ಶಹನಾಝ್ ಹೊರಕೋಣೆಯಲ್ಲಿ ಮಕ್ಕಳ ಪರೀಕ್ಷೆಯ ಕಾಗದ ತಿದ್ದುತ್ತಾ ಕೂತಿದ್ದಳು.

"ಟೀಚರ್, ಅವತ್ತು ನಾನು ಗುಳಿಗೆ ಸಾಕು ಅಂದೆ. ಪೂರ್ತಿ ರಿಪೋರ್ಟು ಬರುವ ಮೊದಲೇ ಹಾಗೆ ಹೇಳಿದ್ದು ನನ್ನ ತಪ್ಪು. ನಿಮಗೆ ಕಿಮೋ ಬೇಕು."

ಹಕೀಂ ಎದ್ದು ನಿಂತ. "ಇದೆಂಥ ಮಾತು ಡಾಕ್ಟ್ರೇ? ಆಗ ಒಂದು, ಈಗ ಒಂದು. ನಾನು ಅಸ್ಕರನಿಗೆ ಫೋನಿನಲ್ಲಿ ಹೇಳಿ ಆಗಿದೆ. ಗಡ್ಡೆ ಪೂರ್ತಿ ತೆಗೆದಿದ್ದೇವೆ ಅಂತ ನೀವೇ ಹೇಳಿದ್ದಲ್ವಾ?"

"ಕಾಕ, ಕೂತ್ಕೊಳ್ಳಿ" ಎಂದು ಶಹನಾಝ್ ಬ್ಯಾರಿ ಭಾಷೆಯಲ್ಲಿ ಅಣ್ಣನಿಗೆ ಹೇಳಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು, "ರಿಪೋರ್ಟಿನಲ್ಲಿ ಏನುಂಟು?"

ಗೌಡರು ಕಾಗದ ಕೊಟ್ಟರು. ಅವಳು ನಿಧಾನವಾಗಿ ಓದಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಈ ಶೇಕಡಾ ಮೂವತ್ತೈದು ಯಾವುದರ ಶೇಕಡಾ? ನನ್ನ ಮೈಯದ್ದಾ?"

"ಅಲ್ಲ. ತೆಗೆದ ಗಡ್ಡೆಯದ್ದು. ಅದರಲ್ಲಿ ನೂರು ಕೋಶ ಎಣಿಸಿದರೆ ಮೂವತ್ತೈದು ಕೋಶಗಳು ಒಡೆದು ಎರಡಾಗುವ ಕೆಲಸದಲ್ಲಿದ್ದವು. ನಾನೂ ಹೋಗಿ ಎಣಿಸಿದೆ."

"ಅದನ್ನು ತೆಗೆದಾಯ್ತಲ್ಲ."

"ಗಡ್ಡೆ ತೆಗೆದಾಯ್ತು. ಅದಕ್ಕಿಂತ ಮೊದಲೇ ನಾಲ್ಕು ಕೋಶ ರಕ್ತದಲ್ಲಿ ಹೋಗಿ ಎಲ್ಲಾದರೂ ಕೂತಿದ್ದರೆ ನಮಗೆ ಕಾಣುವುದಿಲ್ಲ. ಇದ್ದಾವೆ ಅಂತ ಹೇಳಲಿಕ್ಕೂ ಆಗುವುದಿಲ್ಲ, ಇಲ್ಲ ಅಂತ ಹೇಳಲಿಕ್ಕೂ ಆಗುವುದಿಲ್ಲ. ಇದ್ದರೆ ಅವುಗಳ ಸ್ವಭಾವ ಈ ಗಡ್ಡೆಯದ್ದೇ. ನಿಧಾನದ್ದಾಗಿದ್ದರೆ ಗುಳಿಗೆಯೇ ಸಾಕಿತ್ತು, ಕಿಮೋದಿಂದ ಸಿಗುವ ಲಾಭಕ್ಕಿಂತ ತೊಂದರೆಯೇ ಹೆಚ್ಚಾಗ್ತಿತ್ತು. ನಿಮ್ಮದು ಬೇಗ ಒಡೆಯುವಂಥದ್ದು. ಬೇಗ ಒಡೆಯುವುದಕ್ಕೇ ಆ ಮದ್ದು ಚೆನ್ನಾಗಿ ತಾಗುವುದು."

"ತೆಗೊಂಡರೆ ಮತ್ತೆ ಬರುವುದೇ ಇಲ್ವಾ?"

"ಹಾಗೆ ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ ಟೀಚರ್. ಬರುವ ಸಾಧ್ಯತೆ ಕಡಿಮೆಯಾಗ್ತದೆ. ಕಿಮೋ ಮುಗಿದ ಮೇಲೆ ಗುಳಿಗೆ ತಿಂದರೆ ಇನ್ನೂ ಕಡಿಮೆಯಾಗ್ತದೆ. ಅಷ್ಟೇ ನನಗೆ ಗೊತ್ತಿರುವುದು."

ಶಹನಾಝ್ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. "ಅವತ್ತು ಬೇಡ ಅಂತ ಯಾಕೆ ಹೇಳಿದ್ರಿ?"

ಗೌಡರು ವಾರಿಜಳ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮನೆಯವರನ್ನು, ಶಶಿಪ್ರಭಾರನ್ನು ಬಿಟ್ಟರೆ ಬೇರೆಯವರಿಗೆ ಅದನ್ನು ಅವರು ಹೇಳಿದ್ದು ಅದೇ ಮೊದಲು. ಹಕೀಂ ತಲೆ ತಗ್ಗಿಸಿ ಕೇಳಿದ. ಹೇಳಿ ಮುಗಿದ ಮೇಲೆ ಗೌಡರು ಜೇಬಿನಿಂದ ಒಂದು ಚೀಟಿ ತೆಗೆದು ತಮ್ಮ ಮನೆಯ ನಂಬರು, ಮೊಬೈಲ್ ನಂಬರು ಬರೆದುಕೊಟ್ಟರು.

"ಕಿಮೋ ಮಂಗಳೂರಿನಲ್ಲಿ, ಅದರದ್ದೇ ಡಾಕ್ಟರು ಕೊಡ್ತಾರೆ. ಮೂರು ವಾರಕ್ಕೊಮ್ಮೆ, ಆರು ಸಲ. ಪ್ರತಿ ಸಲ ಆದ ಮೇಲೆ ಒಂದು ವಾರ ಕಳೆದು ರಕ್ತದ ಬಿಳಿಕೋಶ ಇಳೀತದೆ. ಆಗ ಮೈ ಬಿಸಿಯಾದರೆ, ಚಳಿ ಹತ್ತಿದರೆ, ಜ್ವರದ ಗುಳಿಗೆ ತಿಂದು ನೋಡುವ, ಬೆಳಗಾಗಲಿ ಎಂದು ಕಾಯಬೇಡಿ. ಯಾರಿಗೆ ತೊಂದರೆಯಾಗ್ತದೆ ಅಂತ ನೋಡಬೇಡಿ. ಆ ಗಳಿಗೆಯಲ್ಲೇ ಬರಬೇಕು. ಹಕೀಂ ಸಾಹೇಬ್ರೇ, ಇದು ನಿಮಗೂ ಹೇಳುವುದು."

"ಕೂದಲು ಹೋಗ್ತದಲ್ಲ?" ಎಂದಳು ಶಹನಾಝ್.

"ಹೋಗ್ತದೆ. ಮತ್ತೆ ಬರ್ತದೆ."

"ಹೇಗೂ ತಲೆಗೆ ಶಾಲು ಉಂಟು. ಮಕ್ಕಳಿಗೆ ಗೊತ್ತಾಗ್ಲಿಕ್ಕಿಲ್ಲ." ನಗಲಿಕ್ಕೆ ನೋಡಿದಳು, ಆಗಲಿಲ್ಲ. ಕಣ್ಣು ತುಂಬಿ ಬಂತು. "ಆಯ್ತು ಡಾಕ್ಟ್ರೇ, ಮಾಡುವ."

*

ಅದು ಸುಲಭದ ದಾರಿಯಾಗಿರಲಿಲ್ಲ. ಮೊದಲ ಸಲಕ್ಕೇ ಮೂರು ದಿನ ಅವಳ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಎರಡು ವಾರ ಕಳೆದು ಒಂದು ಬೆಳಿಗ್ಗೆ ದಿಂಬಿನ ಮೇಲೆ ಕೂದಲು ಉಳಿಯಿತು. ಮೂರನೇ ಸಲದ್ದಾಗಿ ಹತ್ತನೇ ದಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಚಳಿ ಹತ್ತಿತು. ಅವಳು ಅರ್ಧ ಬರೆದ ಲೆಕ್ಕವನ್ನು ಬೋರ್ಡಿನ ಮೇಲೆ ಹಾಗೇ ಬಿಟ್ಟು ಅಣ್ಣನಿಗೆ ಫೋನು ಮಾಡಿದಳು. ಹಕೀಂ ಅಂಗಡಿಯ ಬಾಗಿಲು ಕೂಡ ಎಳೆಯದೆ ಓಡಿದ. ಮುಕ್ಕಾಲು ಗಂಟೆಯೊಳಗೆ ಬಂಟ್ವಾಳದಲ್ಲಿ ಅವಳ ನರಕ್ಕೆ ಆಂಟಿಬಯಾಟಿಕ್ ಹತ್ತಿತ್ತು. ಮಂಗಳೂರಿನ ಡಾಕ್ಟರೊಡನೆ ಗೌಡರು ಫೋನಿನಲ್ಲಿ ಮಾತಾಡಿದರು. ಬಿಳಿಕೋಶ ಬಹಳ ಇಳಿದಿತ್ತು. ಆ ದಿನವಿಡೀ, ಮರುದಿನವೂ ಅವರು ನರ್ಸಿಂಗ್ ಹೋಮು ಬಿಟ್ಟು ಕದಲಲಿಲ್ಲ. ಮೂರನೇ ದಿನ ಜ್ವರ ಇಳಿಯಿತು. ಒಂದು ವಾರ ತಡವಾಗಿ ನಾಲ್ಕನೆಯದನ್ನು ಕೊಟ್ಟರು.

ಆರೂ ಮುಗಿದು, ಗುಳಿಗೆ ಶುರುವಾಗಿ, ಅವಳು ತಪಾಸಣೆಗೆ ಬಂದದ್ದು ಜುಲೈಯಲ್ಲಿ. ಅದೇ ದಿನ ವಿಟ್ಲದಿಂದ ಬೀಫಾತಿಮಾ ಎಂಬ ಅರವತ್ತೇಳರ ಮುದುಕಿಯೂ ಬಂದಿದ್ದರು. ಅವರಿಗೂ ಇದೇ ರೋಗ. ಗೌಡರೇ ತಿಂಗಳ ಹಿಂದೆ ಆಪರೇಷನ್ ಮಾಡಿದ್ದು. ಈ ಸಲ ಗೌಡರು ಕೊನೆಯ ಸಾಲು ಬರುವ ತನಕ ಬಾಯಿ ಬಿಟ್ಟಿರಲಿಲ್ಲ. ಸಣ್ಣ ಗಡ್ಡೆ, ಎರಡು ಗ್ರಾಹಕವೂ ತುಂಬಿಕೊಂಡಿತ್ತು, ಹರ್-ಟೂ ಇಲ್ಲ, ಕೆಐ-ಅರವತ್ತೇಳು ನಾಲ್ಕೇ ಶೇಕಡಾ. ಗುಳಿಗೆ ಮಾತ್ರ ಎಂದು ಬರೆದುಕೊಟ್ಟಿದ್ದರು. ಮುದುಕಿಗೆ ಅದು ಸರಿ ಕಂಡಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಒತ್ತಿಗೆ ಕೂತಿದ್ದರು. ಒಳಗೆ ಕೂತ ಗೌಡರಿಗೆ ಅರ್ಧ ತೆರೆದ ಬಾಗಿಲಿನಿಂದ ಮಾತು ಕೇಳುತ್ತಿತ್ತು. ಬ್ಯಾರಿ ಭಾಷೆ ಅವರಿಗೆ ಆಡಲು ಬಾರದಿದ್ದರೂ ಅರ್ಥವಾಗುತ್ತಿತ್ತು.

"ನಿನಗೆ ಆರು ಇಂಜೆಕ್ಷನ್ ಕೊಟ್ಟರಂತೆ. ನನಗೆ ಒಂದೂ ಇಲ್ಲ" ಎನ್ನುತ್ತಿದ್ದರು ಬೀಫಾತಿಮಾ. "ಮುದುಕಿ ಅಲ್ವಾ, ಇನ್ನು ಬದುಕಿ ಏನು ಮಾಡ್ಲಿಕ್ಕುಂಟು ಅಂತ ಬಿಟ್ಟರು ಮಗಳೇ."

"ಹಾಗಲ್ಲ ಉಮ್ಮ. ನಿಮ್ಮ ಕಾಗದ ಕೊಡಿ ನೋಡುವ."

ಕಾಗದ ಬಿಡಿಸಿದ ಸದ್ದು.

"ಇಲ್ಲಿ ನೋಡಿ. ನಿಮ್ಮದು ನಾಲ್ಕು. ನೂರರಲ್ಲಿ ತೊಂಬತ್ತಾರು ಸುಮ್ಮನೆ ಕೂತಿದ್ದವು. ನನ್ನದು ಮೂವತ್ತೈದು. ಆ ಇಂಜೆಕ್ಷನ್ ಓಡುವುದನ್ನು ಹಿಡಿದು ಹೊಡೆಯುವಂಥದ್ದು. ಕೂತದ್ದಕ್ಕೆ ಅದು ಅಷ್ಟಾಗಿ ತಾಗುವುದಿಲ್ಲ, ನಿಮ್ಮ ಮೈಯನ್ನು ಮಾತ್ರ ತಿಂದು ಹಾಕ್ತದೆ. ನಿಮ್ಮದಕ್ಕೆ ಊಟ ಕೊಡುವುದು ಹಾರ್ಮೋನ್. ಗುಳಿಗೆ ಆ ಊಟವನ್ನು ತಪ್ಪಿಸ್ತದೆ. ವಯಸ್ಸು ನೋಡಿ ಬಿಟ್ಟದ್ದಲ್ಲ, ಇದನ್ನು ನೋಡಿ ಬಿಟ್ಟದ್ದು."

"ನಿನಗೆ ಹೇಗೆ ಗೊತ್ತು ಇದೆಲ್ಲ?"

"ನನಗೆ ಡಾಕ್ಟ್ರು ಮನೆಗೆ ಬಂದು ಹೇಳಿದ್ದಾರೆ."

ಮುದುಕಿ "ಅಲ್ಲಾಹನು ನಿನಗೆ ಆಯುಷ್ಯ ಕೊಡಲಿ" ಎಂದರು. "ಆದರೂ ನಾನು ಅವರ ಬಾಯಿಂದಲೇ ಇನ್ನೊಮ್ಮೆ ಕೇಳ್ತೇನೆ."

ಗೌಡರು ಕುರ್ಚಿ ಸರಿಸಿ ಎದ್ದರು. ಹೆಸರು ಕೂಗಲಿಕ್ಕೆ ನರ್ಸನ್ನು ಕಳಿಸಲಿಲ್ಲ. ತಾವೇ ಬಾಗಿಲಿಗೆ ಹೋಗಿ, "ಬನ್ನಿ ಬೀಫಾತಿಮಮ್ಮ, ಕೂತು ಮಾತಾಡುವ" ಎಂದು ಒಳಗೆ ಕರೆದರು.